ಚಾವಣಿಯ ಬಿಸಿಲು, ನಡುರಾತ್ರಿಯ ಕಾರು

ಜೂನ್ ತಿಂಗಳ ಮಧ್ಯಾಹ್ನ, ಇಂಗ್ಲೆಂಡಿನ ಒಂದು ಸಾಧಾರಣ ಮನೆ. ಚಾವಣಿಯ ಮೇಲಿನ ಸೋಲಾರ್ ಪ್ಯಾನೆಲ್‌ಗಳು 3 ಕಿಲೋವ್ಯಾಟ್ ಕರೆಂಟು ತಯಾರಿಸುತ್ತಿವೆ. ಮನೆಯೊಳಗೆ ಫ್ರಿಜ್ಜು, ಇಂಟರ್ನೆಟ್ ಪೆಟ್ಟಿಗೆ, ಒಂದೆರಡು ದೀಪ ಸೇರಿ ಬೇಕಾಗಿರುವುದು 300 ವ್ಯಾಟ್. ಮಿಕ್ಕಿದ್ದೆಲ್ಲ ಮೀಟರ್ ದಾಟಿ ಬೀದಿಯ ತಂತಿಗೆ ಹರಿದುಹೋಗುತ್ತಿದೆ. ಅಂಗಳದಲ್ಲಿ ಎಲೆಕ್ಟ್ರಿಕ್ ಕಾರು ನಿಂತಿದೆ, ಕೇಬಲ್ ಚುಚ್ಚಿಯೇ ಇದೆ, ಬ್ಯಾಟರಿ ಅರ್ಧ ಖಾಲಿಯಾಗಿದೆ. ಆದರೂ ಚಾರ್ಜರ್ ಸುಮ್ಮನಿದೆ. ರಾತ್ರಿ ಮನೆಯವರೆಲ್ಲ ಮಲಗಿ, ಚಾವಣಿ ಕತ್ತಲಾಗಿ ಎಷ್ಟೋ ಹೊತ್ತಾದ ಮೇಲೆ, ಹನ್ನೆರಡರ ಆಸುಪಾಸಿನಲ್ಲಿ ಕಾರು ಚಾರ್ಜ್ ಆಗತೊಡಗುತ್ತದೆ.

ನೋಡಿದವರಿಗೆ ಇದು ತಲೆಕೆಳಗಾದ ಏರ್ಪಾಡು ಎನಿಸುತ್ತದೆ. ಮನೆಯ ಮೇಲೆಯೇ ಬಿಸಿಲಿನ ಕರೆಂಟು ಇರುವಾಗ ಅದನ್ನು ಬಿಟ್ಟು ರಾತ್ರಿ ಕಂಪನಿಯಿಂದ ಕೊಳ್ಳುವುದೇ? ಆದರೆ ಆ ಮನೆಯವರ ಲೆಕ್ಕ ಸರಿಯಾಗಿದೆ. ಇದೇ ಕಾರು, ಇದೇ ಪ್ಯಾನೆಲ್ಲು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿದ್ದರೆ ಹಗಲಲ್ಲೇ ಚಾರ್ಜ್ ಮಾಡುವುದು ಸರಿ. ಬೆಂಗಳೂರಿನಲ್ಲಿದ್ದರೆ ಇನ್ನೊಂದೇ ಉತ್ತರ. ಮೂರು ಊರಿನಲ್ಲೂ ಸೂರ್ಯ ಒಬ್ಬನೇ. ಬೇರೆಯಾಗಿರುವುದು ವಿದ್ಯುತ್ ಬಿಲ್ಲಿನ ದರಗಳು.

ಸೋಲಾರ್ ಹಾಕಿಸಿದ ಹೆಚ್ಚಿನವರ ಮನಸ್ಸಿನಲ್ಲಿ ಒಂದು ಎಣಿಕೆ ಗಟ್ಟಿಯಾಗಿ ಕೂತಿರುತ್ತದೆ: ನಮ್ಮ ಚಾವಣಿಯ ಕರೆಂಟು ನಮಗೆ ಪುಕ್ಕಟೆ. ಹಿತ್ತಿಲಿನ ತೆಂಗಿನಕಾಯಿಯನ್ನು ಇಟ್ಟುಕೊಂಡು ಯೋಚಿಸಿದರೆ ಈ ಎಣಿಕೆ ಎಲ್ಲಿ ತಪ್ಪುತ್ತದೆ ಎಂಬುದು ಗೊತ್ತಾಗುತ್ತದೆ. ವ್ಯಾಪಾರಿ ಮನೆ ಬಾಗಿಲಿಗೇ ಬಂದು ಕಾಯಿಗೆ 30 ರೂಪಾಯಿ ಕೊಡುತ್ತಾನೆ, ಬೀದಿ ಕೊನೆಯ ಅಂಗಡಿಯಲ್ಲಿ ಅಂಥದ್ದೇ ಕಾಯಿ 14 ರೂಪಾಯಿಗೆ ಸಿಗುತ್ತದೆ ಎಂದಿಟ್ಟುಕೊಳ್ಳಿ. ಆಗ ಹಿತ್ತಿಲ ಕಾಯಿ ಒಡೆದು ಸಾರು ಮಾಡಿದರೆ ಆ ಸಾರಿಗೆ ಬಿದ್ದ ಖರ್ಚು 30 ರೂಪಾಯಿ. ನಮ್ಮ ಕಾಯಿ ಮಾರಿ ಅಂಗಡಿಯ ಕಾಯಿ ತಂದರೆ 16 ರೂಪಾಯಿ ಕೈಯಲ್ಲಿ ಉಳಿಯುತ್ತದೆ. ವ್ಯಾಪಾರಿಯೇ ಬಾರದ ಊರಾದರೆ ಹಿತ್ತಿಲ ಕಾಯಿಯನ್ನೇ ಬಳಸಬೇಕು. ಚಾವಣಿಯ ಕರೆಂಟೂ ಹಾಗೆಯೇ. ಕಾರಿಗೆ ಹಾಕಿದ ಒಂದು ಯೂನಿಟ್ ಬಿಸಿಲಿನ ನಿಜವಾದ ಬೆಲೆ ಎಂದರೆ, ಅದನ್ನು ಗ್ರಿಡ್‌ಗೆ ಬಿಟ್ಟಿದ್ದರೆ ಎಷ್ಟು ಸಿಗುತ್ತಿತ್ತೋ ಅಷ್ಟು.

ಇಂಗ್ಲೆಂಡಿನ ಉದಾಹರಣೆಯಲ್ಲಿ ಈ ಬೆಲೆ ಹೇಗೆ ಬದಲಾಯಿತು ಎಂಬುದಕ್ಕೆ ಒಂದು ಇತಿಹಾಸವಿದೆ. ಅಲ್ಲಿ 2010ರ ಏಪ್ರಿಲ್‌ನಲ್ಲಿ ಸರ್ಕಾರ ಚಾವಣಿ ಸೋಲಾರ್‌ಗೆ ಫೀಡ್ ಇನ್ ಟ್ಯಾರಿಫ್ ಎಂಬ ಯೋಜನೆ ತಂದಿತು. ತಯಾರಾದ ಪ್ರತಿ ಯೂನಿಟ್‌ಗೂ ಹಣ ಕೊಡುತ್ತಿದ್ದರು, ಜೊತೆಗೆ ಗ್ರಿಡ್‌ಗೆ ಕಳಿಸಿದ್ದಕ್ಕೆ ಬೇರೆ ಹಣ. ಆದರೆ ಆಗ ಸಾಮಾನ್ಯ ಮನೆಗಳಲ್ಲಿ ಹೊರಗೆ ಹೋದ ಕರೆಂಟನ್ನು ಅಳೆಯುವ ಮೀಟರ್ ಇರಲಿಲ್ಲ. ಹಾಗಾಗಿ ತಯಾರಾದದ್ದರಲ್ಲಿ ಅರ್ಧದಷ್ಟು ಹೊರಗೆ ಹೋಗಿರುತ್ತದೆ ಎಂದು ಒಪ್ಪಿಕೊಂಡು, ಆ ಅರ್ಧಕ್ಕೆ ಹಣ ಕೊಟ್ಟುಬಿಡುತ್ತಿದ್ದರು. ಇದರಿಂದ ಒಂದು ವಿಚಿತ್ರ ಸ್ಥಿತಿ ಹುಟ್ಟಿತು. ಮನೆಯವರು ಬಿಸಿಲಿನ ಕರೆಂಟನ್ನೆಲ್ಲ ತಾವೇ ಬಳಸಿದರೂ ಅರ್ಧದ ಹಣ ಬಂದೇ ಬರುತ್ತಿತ್ತು. ಒಂದಿಷ್ಟೂ ಬಳಸದಿದ್ದರೂ ಅಷ್ಟೇ ಬರುತ್ತಿತ್ತು. ಅಂದರೆ ಆ ಮನೆಗಳಿಗೆ ಮಿಕ್ಕ ಕರೆಂಟು ಅಕ್ಷರಶಃ ಪುಕ್ಕಟೆ.

ಮಿಕ್ಕದ್ದನ್ನು ಬೀದಿಗೆ ಬಿಡದೆ ಹಿಡಿದು ಬಳಸುವ ಉಪಕರಣಗಳಿಗೆ ಅಲ್ಲಿ ಮಾರುಕಟ್ಟೆ ಸಿಕ್ಕಿದ್ದು ಇದೇ ಕಾರಣಕ್ಕೆ. ಮೊದಲು ನೀರು ಕಾಯಿಸುವ ಹಂಡೆಗೆ, ಆಮೇಲೆ ಕಾರಿಗೆ. ಲಿಂಕನ್‌ಶೈರ್‌ನ ಮೈಎನರ್ಜಿ ಎಂಬ ಕಂಪನಿಯ ಝಾಪಿ ಚಾರ್ಜರ್ ಇವುಗಳಲ್ಲಿ ಹೆಸರುವಾಸಿ. ಬಿಸಿಲು ಎಷ್ಟು ಮಿಕ್ಕುತ್ತದೋ ಅಷ್ಟನ್ನೇ ಕಾರಿಗೆ ಕೊಡುವುದು ಅದರ ವಿಶೇಷ.

ಫೀಡ್ ಇನ್ ಟ್ಯಾರಿಫ್ 2019ರ ಮಾರ್ಚ್ 31ಕ್ಕೆ ಹೊಸಬರಿಗೆ ಮುಚ್ಚಿತು. 2020ರ ಜನವರಿ 1ರಿಂದ ಬಂದ ಹೊಸ ವ್ಯವಸ್ಥೆಯಲ್ಲಿ, ಸ್ಮಾರ್ಟ್ ಮೀಟರ್ ಅಳೆದು ತೋರಿಸಿದಷ್ಟು ರಫ್ತಿಗೆ ಮಾತ್ರ ಹಣ. ಮೊದಮೊದಲು ಆ ದರ ಕಡಿಮೆಯಿತ್ತು. ಮುಂದೆ ಕಂಪನಿಗಳ ನಡುವೆ ಸ್ಪರ್ಧೆ ಬೆಳೆದು, 2024ರ ಹೊತ್ತಿಗೆ ಆಕ್ಟೋಪಸ್ ಎನರ್ಜಿ ಎಂಬ ಕಂಪನಿ ಯೂನಿಟ್‌ಗೆ 15 ಪೆನ್ಸ್ ಕೊಡುತ್ತಿತ್ತು. ಅದೇ ಕಂಪನಿ ಎಲೆಕ್ಟ್ರಿಕ್ ಕಾರು ಇರುವವರಿಗೆ ರಾತ್ರಿ ಹನ್ನೊಂದೂವರೆಯಿಂದ ಬೆಳಗಿನ ಐದೂವರೆಯವರೆಗೆ ಸುಮಾರು 7 ಪೆನ್ಸ್‌ಗೆ ಕರೆಂಟು ಮಾರುತ್ತಿತ್ತು. ಹಗಲಿನಲ್ಲಿ ಕೊಂಡರೆ ಅದರ ಮೂರು ನಾಲ್ಕು ಪಟ್ಟು. ಬಾಗಿಲಿಗೆ ಬರುವ ವ್ಯಾಪಾರಿ 15 ಕೊಡುತ್ತಾನೆ, ಅಂಗಡಿಯವನು ರಾತ್ರಿ 7ಕ್ಕೆ ಮಾರುತ್ತಾನೆ. ಝಾಪಿಯಂಥ ಚಾರ್ಜರ್ ಕೊಂಡಿದ್ದ ಹೊಸ ಗ್ರಾಹಕರಲ್ಲಿ ಎಷ್ಟೋ ಜನ ಅದರ ಬಿಸಿಲು ಹಿಡಿಯುವ ಗುಣವನ್ನು ಆರಿಸಿ ಬರೀ ರಾತ್ರಿಯ ಟೈಮರ್ ಇಟ್ಟುಕೊಂಡಿದ್ದು ಇದರಿಂದ. ಆದರೆ 2019ಕ್ಕೆ ಮುಂಚಿನ ಯೋಜನೆಯಲ್ಲಿ, ಅರ್ಧ ರಫ್ತಿನ ಲೆಕ್ಕದಲ್ಲೇ ಮುಂದುವರಿದಿರುವ ಹಳೆಯ ಮನೆಗಳಿಗೆ ಹಗಲಿನ ಚಾರ್ಜಿಂಗೇ ಇಂದಿಗೂ ಲಾಭ. ಒಂದೇ ಬೀದಿಯ ಎರಡು ಮನೆಗಳಿಗೆ ಎರಡು ಉತ್ತರ.

ಬಿಸಿಲು ಹಿಡಿಯುವುದು ಅಂದುಕೊಂಡಷ್ಟು ನಯವಾದ ಕೆಲಸವಲ್ಲ ಎಂಬುದಕ್ಕೆ ಇನ್ನೊಂದು ಕಾರಣ ಕೇಬಲ್ಲಿನೊಳಗೆ ಇದೆ. ಗೋಡೆಯ ಮೇಲಿನ ಪೆಟ್ಟಿಗೆಯನ್ನು ಚಾರ್ಜರ್ ಎಂದು ಕರೆಯುವುದು ರೂಢಿ. ನಿಜವಾದ ಚಾರ್ಜರ್ ಇರುವುದು ಕಾರಿನೊಳಗೆ. ಗೋಡೆಯ ಪೆಟ್ಟಿಗೆ ಮಾಡುವುದು ಎರಡೇ ಕೆಲಸ: ವಿದ್ಯುತ್ತನ್ನು ಸುರಕ್ಷಿತವಾಗಿ ಹರಿಯಬಿಡುವುದು ಮತ್ತು ಈಗ ಎಷ್ಟು ಎಳೆದುಕೊಳ್ಳಬಹುದು ಎಂದು ಕಾರಿಗೆ ಹೇಳುವುದು. ಹೇಳುವ ಬಗೆ ಸೊಗಸಾಗಿದೆ. ಕೇಬಲ್ಲಿನಲ್ಲಿ ದಪ್ಪ ತಂತಿಗಳ ಜೊತೆಗೆ ಪೈಲಟ್ ಎಂಬ ಒಂದು ಸಣ್ಣ ತಂತಿ ಇರುತ್ತದೆ. ಅದರಲ್ಲಿ ಸೆಕೆಂಡಿಗೆ ಸಾವಿರ ಸಲ ಒಂದು ಸಂಕೇತ ಏಳುತ್ತದೆ, ಬೀಳುತ್ತದೆ. ಪ್ರತಿ ಸಲವೂ ಅದು ಎಷ್ಟು ಹೊತ್ತು ಮೇಲಿರುತ್ತದೆ ಎಂಬುದೇ ಸಂದೇಶ. ನೂರರಲ್ಲಿ ಹತ್ತು ಪಾಲು ಮೇಲಿದ್ದರೆ 6 ಆಂಪಿಯರ್, ಐವತ್ತು ಪಾಲು ಮೇಲಿದ್ದರೆ 30 ಆಂಪಿಯರ್. ಪೆಟ್ಟಿಗೆ ಈ ಪಾಲನ್ನು ಹೆಚ್ಚು ಕಡಿಮೆ ಮಾಡಿದಂತೆ ಕಾರು ಕೆಲವೇ ಸೆಕೆಂಡುಗಳಲ್ಲಿ ತನ್ನ ಸೆಳೆತವನ್ನು ಹೊಂದಿಸಿಕೊಳ್ಳುತ್ತದೆ. ಮನೆಗೆ ಬರುವ ಮುಖ್ಯ ತಂತಿಗೆ ಒಂದು ಅಳತೆಯ ಕ್ಲಿಪ್ ಹಾಕಿರುತ್ತಾರೆ. ಹೊರಗೆ ಎಷ್ಟು ಹರಿಯುತ್ತಿದೆ ಎಂದು ಅದು ತಿಳಿಸುತ್ತದೆ, ಪೆಟ್ಟಿಗೆ ಅಷ್ಟನ್ನು ಕಾರಿಗೆ ಬಿಡುತ್ತದೆ. ಬಿಸಿಲನ್ನು ಹಿಂಬಾಲಿಸುವ ಚಾರ್ಜಿಂಗ್ ಎಂದರೆ ಇಷ್ಟೇ.

ತೊಡಕಿರುವುದು ಕೆಳಮಿತಿಯಲ್ಲಿ. ಈ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ 6 ಆಂಪಿಯರ್‌ಗಿಂತ ಕಡಿಮೆ ಕೊಡುವಂತಿಲ್ಲ. 230 ವೋಲ್ಟ್‌ಗೆ 6 ಆಂಪಿಯರ್ ಎಂದರೆ 1,380 ವ್ಯಾಟ್. ಮಿಕ್ಕ ಬಿಸಿಲು 1,200 ವ್ಯಾಟ್ ಇದ್ದರೆ ಕಾರಿಗೆ ಅಷ್ಟನ್ನೇ ಕೊಡುವ ದಾರಿ ಇಲ್ಲ. ಒಂದೋ ನಿಲ್ಲಿಸಬೇಕು, ಇಲ್ಲವೇ ಕೊರತೆಯನ್ನು ಗ್ರಿಡ್‌ನಿಂದ ತುಂಬಬೇಕು. ಮೂರು ಫೇಸಿನಲ್ಲಿ ಚಾರ್ಜ್ ಆಗುವ ಕಾರಿಗೆ ಈ ಕೆಳಮಿತಿ ಮೂರು ಪಟ್ಟು, ಅಂದರೆ 4,140 ವ್ಯಾಟ್. ಸಣ್ಣ ಚಾವಣಿಯಲ್ಲಿ ಅಷ್ಟು ಮಿಗುವುದೇ ಅಪರೂಪ. ಮೂರು ಫೇಸಿನ ಮನೆಯವರು ಬಿಸಿಲಿಗಾಗಿ ಚಾರ್ಜರ್ ಕೊಳ್ಳುವಾಗ, ಅದು ತಾನಾಗಿ ಒಂದು ಫೇಸಿಗೆ ಇಳಿಯುತ್ತದೆಯೇ ಎಂದು ವಿಚಾರಿಸುವುದು ಈ ಕಾರಣಕ್ಕೆ ಅಗತ್ಯ.

ಇನ್ನು ಸೋರಿಕೆಯ ಮಾತು. ಚಾರ್ಜ್ ಆಗುವಷ್ಟು ಹೊತ್ತೂ ಕಾರಿನ ಕಂಪ್ಯೂಟರು, ಪಂಪು, ಒಳಗಿನ ಚಾರ್ಜರಿನ ಸರ್ಕೀಟುಗಳು ಎಚ್ಚರವಾಗಿರುತ್ತವೆ. ಕಾರಿನಿಂದ ಕಾರಿಗೆ ವ್ಯತ್ಯಾಸವಿದೆ, ಲೆಕ್ಕಕ್ಕೆ 250 ವ್ಯಾಟ್ ಎಂದು ಹಿಡಿಯೋಣ. ಇದು ನಿಧಾನವಾಗಿ ಚಾರ್ಜ್ ಮಾಡಿದರೂ ಅಷ್ಟೇ, ಬೇಗ ಮಾಡಿದರೂ ಅಷ್ಟೇ. 8 ಯೂನಿಟ್ ಬ್ಯಾಟರಿಗೆ ಸೇರಬೇಕು ಎಂದುಕೊಳ್ಳಿ. 1.38 ಕಿಲೋವ್ಯಾಟ್‌ನಲ್ಲಿ ಕೊಟ್ಟರೆ ಏಳು ಗಂಟೆ ಹಿಡಿಯುತ್ತದೆ, ಮೀಟರಿನಿಂದ ಹೋಗುವುದು ಸುಮಾರು 9.8 ಯೂನಿಟ್. ರಾತ್ರಿ 7.4 ಕಿಲೋವ್ಯಾಟ್‌ನಲ್ಲಿ ಕೊಟ್ಟರೆ ಒಂದು ಗಂಟೆ ಚಿಲ್ಲರೆಯಲ್ಲಿ ಮುಗಿಯುತ್ತದೆ, ಹೋಗುವುದು 8.3 ಯೂನಿಟ್. ಈಗ ಇಂಗ್ಲೆಂಡಿನ ದರ ಹಾಕಿ ನೋಡಿದರೆ, ಹಗಲು ಬಿಸಿಲಿನಲ್ಲಿ ತುಂಬಿದ್ದಕ್ಕೆ ಕೈಬಿಟ್ಟ ರಫ್ತಿನ ಹಣ 147 ಪೆನ್ಸ್. ರಾತ್ರಿ ಕೊಂಡು ತುಂಬಿದ್ದಕ್ಕೆ 58 ಪೆನ್ಸ್. ದಿನಕ್ಕೆ 89 ಪೆನ್ಸ್ ವ್ಯತ್ಯಾಸ. ಬೇಸಿಗೆಯ ನೂರು ದಿನಕ್ಕೆ ಇದು 89 ಪೌಂಡ್ ಆಗುತ್ತದೆ. ಚಳಿಗಾಲದಲ್ಲಿ ಈ ಪ್ರಶ್ನೆಯೇ ಏಳುವುದಿಲ್ಲ. ಡಿಸೆಂಬರಿನಲ್ಲಿ ಅಲ್ಲಿನ 4 ಕಿಲೋವ್ಯಾಟ್ ಚಾವಣಿ ದಿನಕ್ಕೆ ಎರಡು ಮೂರು ಯೂನಿಟ್ ಕೊಟ್ಟರೆ ಹೆಚ್ಚು, ಅದನ್ನು ಮನೆಯೇ ನುಂಗಿಬಿಡುತ್ತದೆ.

ರಾತ್ರಿಯ ಟೈಮರ್ ಇಟ್ಟು ಮಲಗಿದರೆ ಎಲ್ಲ ಸರಿಹೋಯಿತು ಎಂದಲ್ಲ. ಹೆಚ್ಚಾಗಿ ಆಗುವ ತಪ್ಪು ಒಂದಿದೆ. ಕಾರಿನಲ್ಲೂ ಟೈಮರ್ ಇರುತ್ತದೆ, ಗೋಡೆಯ ಪೆಟ್ಟಿಗೆಯಲ್ಲೂ ಇರುತ್ತದೆ, ಕೆಲವೊಮ್ಮೆ ವಿದ್ಯುತ್ ಕಂಪನಿಯ ಆ್ಯಪ್‌ನಲ್ಲೂ ಇರುತ್ತದೆ. ಎರಡು ಕಡೆ ಸಮಯ ಹಾಕಿದರೆ ಎರಡೂ ಒಪ್ಪುವ ಹೊತ್ತಿನಲ್ಲಿ ಮಾತ್ರ ಕರೆಂಟು ಹರಿಯುತ್ತದೆ. ಪೆಟ್ಟಿಗೆ ಹನ್ನೆರಡೂವರೆಗೆ ಬಾಗಿಲು ತೆಗೆದಾಗ ಕಾರು ಇನ್ನೂ ಎರಡು ಗಂಟೆಗೆ ಕಾಯುತ್ತಿದ್ದರೆ, ಬೆಳಿಗ್ಗೆ ಆಫೀಸಿಗೆ ಹೊರಟಾಗ ಬ್ಯಾಟರಿ ಅಂದುಕೊಂಡಷ್ಟು ತುಂಬಿರದೆ ಹೋಗಬಹುದು. ಸಮಯವನ್ನು ಒಂದೇ ಕಡೆ ಇಟ್ಟು, ಉಳಿದ ಕಡೆಗಳಲ್ಲಿ ಕೇಬಲ್ ಚುಚ್ಚಿದ ಕೂಡಲೇ ಚಾರ್ಜ್ ಮಾಡು ಎಂದು ಬಿಡುವುದೊಂದೇ ಪರಿಹಾರ.

ಇನ್ನೊಂದು ತೊಂದರೆ ಮೇಲುನೋಟಕ್ಕೆ ಕಾಣುವುದೇ ಇಲ್ಲ. ಮನೆಯಲ್ಲಿ ಸೋಲಾರ್ ಜೊತೆಗೆ ದೊಡ್ಡ ಬ್ಯಾಟರಿಯೂ ಇದ್ದರೆ, ರಾತ್ರಿ ಕಾರು ಕರೆಂಟು ಎಳೆಯತೊಡಗಿದಾಗ ಮನೆಯಲ್ಲಿ ಏನೋ ದೊಡ್ಡ ಕೆಲಸ ನಡೆದಿದೆ ಎಂದು ಆ ಬ್ಯಾಟರಿ ತಿಳಿಯುತ್ತದೆ. ಹಗಲೆಲ್ಲ ಕೂಡಿಟ್ಟದ್ದನ್ನು ಕಾರಿಗೆ ಸುರಿದು ತಾನು ಖಾಲಿಯಾಗುತ್ತದೆ. ಮರುದಿನ ಬೆಳಿಗ್ಗೆ ಮನೆಗೆ ದುಬಾರಿ ಹೊತ್ತಿನ ಕರೆಂಟು ಕೊಳ್ಳಬೇಕಾಗುತ್ತದೆ. ಅಗ್ಗದ ಗಂಟೆಗಳಲ್ಲಿ ಮನೆಯ ಬ್ಯಾಟರಿ ಬಿಡುಗಡೆ ಮಾಡದಂತೆ ಇನ್ವರ್ಟರಿನಲ್ಲಿ ತಡೆ ಹಾಕಬೇಕು, ಇಲ್ಲವೇ ಅದರ ಅಳತೆಯ ಕ್ಲಿಪ್ಪಿಗೆ ಕಾರಿನ ತಂತಿ ಕಾಣದಂತೆ ಎಲೆಕ್ಟ್ರಿಷಿಯನ್ ಜೋಡಿಸಬೇಕು.

ಆ ಕ್ಲಿಪ್ ಕೂಡ ಎಡವಟ್ಟು ಮಾಡಬಲ್ಲದು. ಅದರ ಮೇಲೆ ಬಾಣದ ಗುರುತು ಇರುತ್ತದೆ, ತಿರುಗಿಸಿ ಹಾಕಿದರೆ ಒಳಗೆ ಬರುವುದು ಹೊರಗೆ ಹೋದಂತೆ ಕಾಣುತ್ತದೆ. ಪತ್ತೆಮಾಡುವುದು ಸುಲಭ. ಕತ್ತಲಾದ ಮೇಲೆ ಅಡುಗೆಮನೆಯಲ್ಲಿ ಎಲೆಕ್ಟ್ರಿಕ್ ಕೆಟಲ್ ಹಚ್ಚಿ ಚಾರ್ಜರಿನ ಪರದೆ ನೋಡಬೇಕು. ಗ್ರಿಡ್‌ನಿಂದ ಕೊಳ್ಳುವ ಅಂಕಿ ಏರಿದರೆ ಸರಿ. ರಫ್ತು ಏರಿದಂತೆ ತೋರಿಸಿದರೆ, ಅಥವಾ ಬಿಸಿಲಿನ ಕ್ರಮದಲ್ಲಿಟ್ಟ ಕಾರು ಕೆಟಲ್ ಹಚ್ಚಿದ ಕೂಡಲೇ ಚಾರ್ಜ್ ಆಗತೊಡಗಿದರೆ, ಕ್ಲಿಪ್ ತಲೆಕೆಳಗಾಗಿದೆ.

ಇಂಗ್ಲೆಂಡಿನಲ್ಲಿ ಹೊಸ ಚಾರ್ಜರ್ ಹಾಕಿಸಿದವರನ್ನು ಗಾಬರಿಗೊಳಿಸುವ ಇನ್ನೊಂದು ನಡವಳಿಕೆ ದೋಷವಲ್ಲ, ಕಾನೂನು. 2022ರ ಜೂನ್ 30ರಿಂದ ಅಲ್ಲಿ ಮಾರುವ ಮನೆಬಳಕೆಯ ಚಾರ್ಜರುಗಳು ವಾರದ ದಿನಗಳಲ್ಲಿ ಬೆಳಿಗ್ಗೆ 8ರಿಂದ 11 ಮತ್ತು ಸಂಜೆ 4ರಿಂದ 10ರ ಬೇಡಿಕೆಯ ಹೊತ್ತನ್ನು ತಪ್ಪಿಸುವಂತೆ ಮೊದಲೇ ಹೊಂದಿಸಿ ಬರಬೇಕು. ಬೇಕಿದ್ದರೆ ಮನೆಯವರು ಬದಲಾಯಿಸಿಕೊಳ್ಳಬಹುದು. ಜೊತೆಗೆ ಪ್ರತಿ ಚಾರ್ಜರೂ ಆರಂಭಿಸುವ ಮುನ್ನ ಹತ್ತು ನಿಮಿಷದವರೆಗೆ ತನಗೆ ತೋಚಿದಷ್ಟು ಕಾಯಬೇಕು. ಅಗ್ಗದ ದರ ಶುರುವಾಗುವ ಕ್ಷಣಕ್ಕೆ ಲಕ್ಷಾಂತರ ಕಾರುಗಳು ಒಟ್ಟಿಗೆ 7 ಕಿಲೋವ್ಯಾಟ್ ಎಳೆದರೆ ಗ್ರಿಡ್ ತತ್ತರಿಸುತ್ತದೆ, ಅದನ್ನು ತಪ್ಪಿಸಲು ಈ ಚದುರಿಸುವ ಉಪಾಯ. ಹನ್ನೆರಡೂವರೆಗೆ ಇಟ್ಟದ್ದು ಹನ್ನೆರಡು ಮೂವತ್ತೇಳಕ್ಕೆ ಶುರುವಾದರೆ ಯಾರನ್ನೂ ದೂರಬೇಕಿಲ್ಲ. ಚಾರ್ಜಿಂಗ್ ನಿಜವಾಗಿ ಅಗ್ಗದ ಹೊತ್ತಿನಲ್ಲೇ ಬಿತ್ತೇ ಎಂದು ತಿಳಿಯಲು ಆ್ಯಪ್ ಹೇಳುವುದನ್ನು ನಂಬುವುದಕ್ಕಿಂತ, ಸ್ಮಾರ್ಟ್ ಮೀಟರಿನ ಅರ್ಧ ಗಂಟೆಗೊಮ್ಮೆಯ ದಾಖಲೆಯನ್ನು ತೆರೆದು ನೋಡುವುದು ಲೇಸು. ಬಿಲ್ ಆಗುವುದು ಆ ದಾಖಲೆಯ ಮೇಲೆ.

ಈಗ ಮೆಲ್ಬರ್ನ್. ಅನೇಕ ಕನ್ನಡ ಕುಟುಂಬಗಳು ನೆಲೆಸಿರುವ ಈ ನಗರದ ಚಾವಣಿಗಳಲ್ಲಿ ಸೋಲಾರ್ ಎಷ್ಟು ತುಂಬಿದೆ ಎಂದರೆ, ಬಿಸಿಲಿನ ನಡುಮಧ್ಯಾಹ್ನ ಅಲ್ಲಿನ ಸಗಟು ಮಾರುಕಟ್ಟೆಯಲ್ಲಿ ಕರೆಂಟಿಗೆ ಬೆಲೆಯೇ ಇರುವುದಿಲ್ಲ. ವಿಕ್ಟೋರಿಯಾ ರಾಜ್ಯದ ನಿಯಂತ್ರಕ ಸಂಸ್ಥೆ ಚಾವಣಿ ಕರೆಂಟಿಗೆ ನಿಗದಿಪಡಿಸಿದ ಕನಿಷ್ಠ ಖರೀದಿ ದರ 2024–25ರಲ್ಲಿ ಯೂನಿಟ್‌ಗೆ 3.3 ಸೆಂಟ್ ಇತ್ತು. 2025–26ಕ್ಕೆ ಅದು 0.04 ಸೆಂಟ್‌ಗೆ ಇಳಿಯಿತು. ಆ ಕನಿಷ್ಠ ದರದಲ್ಲಿ ನೂರು ಯೂನಿಟ್ ಬೀದಿಗೆ ಬಿಟ್ಟರೆ ಸಿಗುತ್ತಿದ್ದುದು 4 ಸೆಂಟ್. ವ್ಯಾಪಾರಿ ಬಾಗಿಲಿಗೆ ಬರುವುದನ್ನೇ ಬಿಟ್ಟ ಹಾಗೆ. ಇಲ್ಲಿ ಹಿತ್ತಿಲ ಕಾಯಿಯನ್ನು ಮನೆಯಲ್ಲೇ ಬಳಸಬೇಕು.

ನಿರ್ಮಲ ಆಕಾಶದ ದಿನ ಇದು ಸರಳ. ಅಲ್ಲಿ ಬಹಳ ಬಳಕೆಯಲ್ಲಿರುವ 6.6 ಕಿಲೋವ್ಯಾಟ್ ಚಾವಣಿ ಮಧ್ಯಾಹ್ನ 4.5 ಕಿಲೋವ್ಯಾಟ್ ಕೊಡುತ್ತಿದ್ದು, ಮನೆ ಅರ್ಧ ಕಿಲೋವ್ಯಾಟ್ ತಿಂದರೆ, ಕಾರಿಗೆ 17 ಆಂಪಿಯರ್ ಸಿಗುತ್ತದೆ. ಎರಡು ಗಂಟೆ ನಿಂತರೆ 8 ಯೂನಿಟ್ ಬಂತು. ಕಷ್ಟ ಇರುವುದು ಮೋಡ ಓಡಾಡುವ ದಿನ. ಮಿಕ್ಕ ಬಿಸಿಲು ಒಮ್ಮೆ 3,000 ವ್ಯಾಟ್, ಐದು ನಿಮಿಷಕ್ಕೆ 900, ಮತ್ತೆ 2,000. ಚಾರ್ಜರ್ ಕಟ್ಟುನಿಟ್ಟಾಗಿ ಬಿಸಿಲನ್ನಷ್ಟೇ ಕೊಡುವ ಕ್ರಮದಲ್ಲಿದ್ದರೆ ಪದೇ ಪದೇ ನಿಲ್ಲುತ್ತದೆ, ಹೊರಡುತ್ತದೆ. ಹತ್ತಾರು ಸಲ ನಿಲ್ಲಿಸಿ ಎಬ್ಬಿಸಿದರೆ ಕೆಲವು ಕಾರುಗಳು ನಿದ್ದೆಗೆ ಜಾರಿ ಏಳುವುದೇ ಇಲ್ಲ. ಸಂಜೆ ಕೇಬಲ್ ಕಿತ್ತು ಮತ್ತೆ ಚುಚ್ಚಿದ ಮೇಲೆಯೇ ಎಚ್ಚರವಾಗುತ್ತವೆ.

ಹಾಗಾದರೆ ಸ್ವಲ್ಪ ಗ್ರಿಡ್ ಕರೆಂಟು ಬೆರೆಸಲು ಬಿಡಬಹುದೇ? ಬಿಡಬಹುದು, ಎಷ್ಟರವರೆಗೆ ಎಂಬುದನ್ನು ದರಗಳೇ ಹೇಳುತ್ತವೆ. ಹಗಲು ಕೊಳ್ಳುವ ಕರೆಂಟು ಯೂನಿಟ್‌ಗೆ 25 ಸೆಂಟ್, ಕಾರಿನವರಿಗೆಂದೇ ಇರುವ ಯೋಜನೆಯಲ್ಲಿ ಮಧ್ಯರಾತ್ರಿಯ ನಂತರ 8 ಸೆಂಟ್ ಎಂದಿಟ್ಟುಕೊಳ್ಳಿ. ಚಾರ್ಜರ್ ಕನಿಷ್ಠ 1.4 ಕಿಲೋವ್ಯಾಟ್ ಎಳೆಯುತ್ತಿದೆ, ಅದರಲ್ಲಿ 1 ಕಿಲೋವ್ಯಾಟ್ ಬಿಸಿಲು, 0.4 ಗ್ರಿಡ್. ಗಂಟೆಗೆ ಗ್ರಿಡ್‌ಗೆ ತೆತ್ತದ್ದು 10 ಸೆಂಟ್, ಸಿಕ್ಕಿದ್ದು 1.4 ಯೂನಿಟ್. ಯೂನಿಟ್‌ಗೆ 7 ಸೆಂಟ್ ಚಿಲ್ಲರೆ ಬಿತ್ತು, ರಾತ್ರಿಯ 8ಕ್ಕಿಂತ ಒಂದಿಷ್ಟು ಕಡಿಮೆ. ಬಿಸಿಲಿನ ಪಾಲು ಅದಕ್ಕಿಂತ ಇಳಿದರೆ ರಾತ್ರಿಯೇ ಅಗ್ಗ. ಈ ದರಗಳಲ್ಲಿ ಗಡಿ ಬೀಳುವುದು ಸುಮಾರು ಮೂರರಲ್ಲಿ ಎರಡು ಪಾಲು ಬಿಸಿಲಿನ ಹತ್ತಿರ. ನಿಧಾನದ ಚಾರ್ಜಿಂಗಿನ ಸೋರಿಕೆಯನ್ನೂ ಸೇರಿಸಿದರೆ ಗಡಿಯನ್ನು ಶೇ 75ರ ಸುತ್ತ ಇಡುವುದು ಒಳ್ಳೆಯದು. ಝಾಪಿಯ ಇಕೋ ಪ್ಲಸ್ ಎಂಬ ಕ್ರಮದಲ್ಲಿ ಈ ಪಾಲನ್ನು ಶೇಕಡದಲ್ಲಿ ನಮೂದಿಸುವ ಜಾಗವಿದೆ. ಹೆಚ್ಚಿನವರು ಅದನ್ನು 100ಕ್ಕೇ ಬಿಟ್ಟಿರುತ್ತಾರೆ. ಹಸಿರು ಮನಸ್ಸಿಗೆ ಅದು ಸಮಾಧಾನ ಕೊಡುತ್ತದೆ, ಆದರೆ ಮೋಡದ ದಿನ ಕಾರಿಗೆ ಕರೆಂಟೂ ಸಿಗುವುದಿಲ್ಲ, ಬಿಸಿಲೂ ಬಿಡಿಗಾಸಿಗೆ ಬೀದಿಪಾಲಾಗುತ್ತದೆ.

ಮೆಲ್ಬರ್ನ್ ಲೆಕ್ಕಕ್ಕೆ ಒಂದು ದೊಡ್ಡ ಷರತ್ತು ಇದೆ. ಮಧ್ಯಾಹ್ನ ಕಾರು ಮನೆಯಲ್ಲಿರಬೇಕು. ವಾರಕ್ಕೆ ಎರಡು ದಿನ ಮನೆಯಿಂದಲೇ ಕೆಲಸ ಮಾಡುವವರಿಗೆ, ಎರಡು ಕಾರಿರುವ ಮನೆಗಳಿಗೆ ಇದು ಹೊಂದುತ್ತದೆ. ಬೆಳಿಗ್ಗೆ ಹೊರಟು ಸಂಜೆ ಬರುವ ಕಾರಿಗೆ ಶನಿವಾರ, ಭಾನುವಾರದ ಬಿಸಿಲಷ್ಟೇ ಗತಿ. ಉಳಿದ ದಿನಗಳಿಗೆ ರಾತ್ರಿಯ 8 ಸೆಂಟ್ ಇದ್ದೇ ಇದೆ.

ಬೆಂಗಳೂರು, ಮೈಸೂರು, ಹುಬ್ಬಳ್ಳಿಯ ಓದುಗರು ಈಗ ತಮ್ಮ ಬಿಲ್ಲು ತೆಗೆದು ನೋಡಬಹುದು. ಕರ್ನಾಟಕದಲ್ಲಿ 2024ರ ಏಪ್ರಿಲ್‌ನಿಂದ ಮನೆಬಳಕೆಗೆ ಹಂತಹಂತದ ದರ ಹೋಗಿ, ಎಲ್ಲ ಯೂನಿಟ್‌ಗೂ ಒಂದೇ ದರ ಬಂತು. ಮೊದಲು 5 ರೂಪಾಯಿ 90 ಪೈಸೆ, 2025–26ಕ್ಕೆ 5 ರೂಪಾಯಿ 80 ಪೈಸೆ. ಸರ್‌ಚಾರ್ಜು, ತೆರಿಗೆ ಬೇರೆ. ರಾತ್ರಿ ಎರಡು ಗಂಟೆಗೂ ಅದೇ, ಮಧ್ಯಾಹ್ನ ಎರಡಕ್ಕೂ ಅದೇ. ಚಾವಣಿಗೆ ನೆಟ್ ಮೀಟರ್ ಇದ್ದರೆ, ಹೊರಗೆ ಹೋದ ಯೂನಿಟ್ಟನ್ನು ಒಳಗೆ ಬಂದ ಯೂನಿಟ್ಟಿನಿಂದ ತಿಂಗಳ ಲೆಕ್ಕದಲ್ಲಿ ಕಳೆಯುತ್ತಾರೆ.

ಒಂದು ಮನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. 3 ಕಿಲೋವ್ಯಾಟ್ ಚಾವಣಿ ದಿನಕ್ಕೆ ಸರಾಸರಿ 12 ಯೂನಿಟ್, ತಿಂಗಳಿಗೆ 360 ಯೂನಿಟ್ ಕೊಡುತ್ತದೆ. ಮನೆಯ ಖರ್ಚು 200, ದಿನಕ್ಕೆ 40 ಕಿಲೋಮೀಟರ್ ಓಡುವ ಕಾರಿನದು 180. ಒಟ್ಟು 380. ಕಾರನ್ನು ಮಧ್ಯಾಹ್ನ ಚಾರ್ಜ್ ಮಾಡಿದರೂ ಬಿಲ್ಲಿಗೆ ಬರುವುದು 20 ಯೂನಿಟ್, ಮಧ್ಯರಾತ್ರಿ ಮಾಡಿದರೂ 20. ನೆಟ್ ಮೀಟರ್ ಇರುವ ಕಡೆ ಗ್ರಿಡ್ಡೇ ಒಂದು ಸೋರದ ಬ್ಯಾಟರಿಯಂತೆ ಕೆಲಸ ಮಾಡುತ್ತದೆ. ಬಿಸಿಲನ್ನು ಹಿಂಬಾಲಿಸುವ ದುಬಾರಿ ಚಾರ್ಜರ್ ಇಂದು ಈ ಮನೆಗೆ ಒಂದು ರೂಪಾಯಿಯನ್ನೂ ಉಳಿಸಿಕೊಡುವುದಿಲ್ಲ. ಮಾರುವವರು ಏನೇ ಹೇಳಲಿ, ಇದನ್ನು ಖಚಿತವಾಗಿ ಹೇಳಬಹುದು. ಬದಲಿಗೆ 6 ಆಂಪಿಯರಿನ ನಿಧಾನ ಚಾರ್ಜಿಂಗಿನಿಂದ ಒಂದಿಷ್ಟು ಸೋರಿಕೆ ಹೆಚ್ಚುತ್ತದೆ.

ನಮ್ಮಲ್ಲಿ ಚಾರ್ಜಿಂಗಿಗೆ ಹೊತ್ತು ನೋಡಬೇಕಾದದ್ದು ಬೇರೆ ಕಾರಣಕ್ಕೆ. ಅದು ಬಿಲ್ಲಿನಲ್ಲಿರುವ ಮಂಜೂರಾದ ಲೋಡ್. 2025–26ರಲ್ಲಿ ನಿಗದಿತ ಶುಲ್ಕ ತಿಂಗಳಿಗೆ ಪ್ರತಿ ಕಿಲೋವ್ಯಾಟ್‌ಗೆ 145 ರೂಪಾಯಿ ಇತ್ತು. ಕಾರಿಗೆಂದು 7 ಕಿಲೋವ್ಯಾಟ್ ಪೆಟ್ಟಿಗೆ ಹಾಕಿಸಿ ಲೋಡನ್ನೂ ಅಷ್ಟು ಏರಿಸಿಕೊಂಡರೆ, ಆ ದರದಲ್ಲಿ ಒಂದು ಯೂನಿಟ್ ಬಳಸುವ ಮುಂಚೆಯೇ ತಿಂಗಳಿಗೆ 1,015 ರೂಪಾಯಿ ಹೆಚ್ಚು. ದಿನಕ್ಕೆ 40 ಕಿಲೋಮೀಟರ್ ಓಡಾಟಕ್ಕೆ ಬೇಕಾದ 6 ಯೂನಿಟ್ಟನ್ನು 15 ಆಂಪಿಯರಿನ ಸಾಕೆಟ್ಟಿನಿಂದ ಸುಮಾರು 3 ಕಿಲೋವ್ಯಾಟ್‌ನಲ್ಲಿ ಎರಡೂಕಾಲು ಗಂಟೆಯೊಳಗೆ ತುಂಬಬಹುದು. 5 ಕಿಲೋವ್ಯಾಟ್ ಲೋಡಿನ ಮನೆಯಲ್ಲಿ ಬೆಳಗಿನ ಗೀಸರಿನ ಜೊತೆಗೇ ಕಾರನ್ನೂ ಹಚ್ಚಿದರೆ ಅಂಕಿ ಐದನ್ನು ದಾಟುತ್ತದೆ, ಮೀಟರಿನಲ್ಲಿ ದಾಖಲೂ ಆಗುತ್ತದೆ. ರಾತ್ರಿ ಹನ್ನೊಂದರ ಮೇಲೆ, ಗೀಸರು, ಇಸ್ತ್ರಿ, ಮಿಕ್ಸಿ ಎಲ್ಲ ನಿಂತ ಹೊತ್ತಿನಲ್ಲಿ ಹಚ್ಚಿದರೆ ಲೋಡ್ ಏರಿಸುವ ಗೋಜೇ ಇಲ್ಲ. ಆ ಸಾಕೆಟ್ಟಿಗೆ ಬೇರೆಯದೇ ತಂತಿ, ಒಳ್ಳೆಯ ಅರ್ತಿಂಗ್ ಇರಬೇಕು, ಪ್ಲಗ್ಗು ಮುಟ್ಟಿದಾಗ ಸುಡಬಾರದು. ಸುಟ್ಟರೆ ಅಂದೇ ನಿಲ್ಲಿಸಿ ಎಲೆಕ್ಟ್ರಿಷಿಯನ್‌ಗೆ ತೋರಿಸಬೇಕು.

ಈ ಒಂದೇ ದರದ ಸ್ಥಿತಿ ಬಹುಕಾಲ ಹೀಗೇ ಇರುತ್ತದೆ ಎನ್ನಲಾಗದು. ಕೇಂದ್ರ ಸರ್ಕಾರ 2023ರ ಜೂನ್‌ನಲ್ಲಿ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳಿಗೆ ತಂದ ತಿದ್ದುಪಡಿಯ ಪ್ರಕಾರ, ಕೃಷಿ ಬಿಟ್ಟು ಉಳಿದ ಗ್ರಾಹಕರಿಗೂ ಹೊತ್ತಿಗೊಂದು ದರ ಬರಬೇಕು. ಅದಕ್ಕೆ ಸ್ಮಾರ್ಟ್ ಮೀಟರ್ ಬೇಕು. ದಿನದಲ್ಲಿ ಎಂಟು ಗಂಟೆಗಳನ್ನು ಸೌರ ಹೊತ್ತು ಎಂದು ರಾಜ್ಯದ ಆಯೋಗ ಗುರುತಿಸಬೇಕು, ಆಗ ದರ ಸಾಮಾನ್ಯಕ್ಕಿಂತ ಕನಿಷ್ಠ ಶೇ 20 ಕಡಿಮೆ ಇರಬೇಕು. ಬೇಡಿಕೆ ಏರುವ ಹೊತ್ತಿನಲ್ಲಿ ಮನೆಗಳಿಗೆ ಕನಿಷ್ಠ ಶೇ 10 ಹೆಚ್ಚು. 5 ರೂಪಾಯಿ 80 ಪೈಸೆಯ ಮೇಲೆ ಈ ಪ್ರಮಾಣವನ್ನು ಹಾಕಿ ನೋಡಿದರೆ ಹಗಲು 4 ರೂಪಾಯಿ 64 ಪೈಸೆ, ಬೇಡಿಕೆಯ ಹೊತ್ತಿಗೆ 6 ರೂಪಾಯಿ 38 ಪೈಸೆ ಆಗುತ್ತದೆ. ತಿಂಗಳಿಗೆ 180 ಯೂನಿಟ್ ಬಳಸುವ ಕಾರಿಗೆ, ಬೇಡಿಕೆಯ ಹೊತ್ತನ್ನು ಬಿಟ್ಟು ಬಿಸಿಲಿನ ಹೊತ್ತನ್ನು ಹಿಡಿದರೆ 313 ರೂಪಾಯಿ ಉಳಿತಾಯ. ಇದಕ್ಕೆ ಚಾವಣಿಯಲ್ಲಿ ಪ್ಯಾನೆಲ್ ಇರಲೇಬೇಕೆಂದಿಲ್ಲ, ಮಧ್ಯಾಹ್ನ ಕಾರು ಮನೆಯಲ್ಲಿದ್ದರೆ ಸಾಕು.

ಪ್ಯಾನೆಲ್ ಇರುವವರಿಗೆ ಮಾತ್ರ ಅಂದು ಒಂದು ಹೊಸ ಪ್ರಶ್ನೆ ಹುಟ್ಟುತ್ತದೆ. ಮಧ್ಯಾಹ್ನ ಗ್ರಿಡ್‌ಗೆ ಕೊಟ್ಟ ಯೂನಿಟ್ಟನ್ನು ರಾತ್ರಿ ಬಳಸಿದ ಯೂನಿಟ್ಟಿನಿಂದ ಇಂದಿನಂತೆ ನೇರವಾಗಿ ಕಳೆಯುತ್ತಾರೆಯೇ, ಅಥವಾ ಹಗಲಿನದನ್ನು ಹಗಲಿಗೆ, ರಾತ್ರಿಯದನ್ನು ರಾತ್ರಿಗೆ ಬೇರೆ ಬೇರೆ ಲೆಕ್ಕ ಹಾಕುತ್ತಾರೆಯೇ? ನೇರವಾಗಿ ಕಳೆದರೆ ಕಾರನ್ನು ಯಾವಾಗ ಚಾರ್ಜ್ ಮಾಡಿದರೂ ಒಂದೇ. ಬೇರೆ ಮಾಡಿದರೆ ಮಧ್ಯಾಹ್ನದ ಬಿಸಿಲನ್ನು ಕಾರಿಗೆ ಹಾಕುವುದೇ ಲಾಭ, ಬಿಸಿಲು ಹಿಡಿಯುವ ಚಾರ್ಜರಿಗೂ ಆಗಲೇ ಅರ್ಥ ಬರುತ್ತದೆ. ಹೊಸ ಮೀಟರ್ ಹಾಕಲು ಮನೆಗೆ ಬಂದಾಗ, ಚಾರ್ಜರ್ ಅಂಗಡಿಗೆ ಹೋಗುವ ಮುಂಚೆ, ನಿಮ್ಮ ಎಸ್ಕಾಂ ಕಚೇರಿಯಲ್ಲಿ ಈ ಪ್ರಶ್ನೆಯನ್ನು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.